ಎರಡನೇ ಮಾನಿಟರ್ ಮತ್ತು ಜಾಗ ಬಿಟ್ಟು ಚದುರುವ ಡೆಸ್ಕ್‌ಟಾಪ್ ಐಕಾನ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಉತ್ತರಗಳು ವಿಂಡೋಸ್ 10 ಮತ್ತು 11ಕ್ಕೆ ಸಂಬಂಧಿಸಿದವು. ಲ್ಯಾಪ್‌ಟಾಪ್‌ಗೆ ಹೊರಗಿನ ಮಾನಿಟರ್ ಜೋಡಿಸಿ, ಎರಡೂ ಪರದೆಗಳನ್ನು ಒಂದರ ಮುಂದುವರಿಕೆಯಾಗಿ ಬಳಸುವವರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ.

## ಸ್ಲೀಪ್‌ನಿಂದ ಎಬ್ಬಿಸಿದ ತಕ್ಷಣ ಐಕಾನ್‌ಗಳು ಜಾಗ ಬಿಟ್ಟಿರುತ್ತವೆ. ನಿದ್ರೆಗೂ ಐಕಾನ್‌ಗಳಿಗೂ ಏನು ಸಂಬಂಧ?

ನೇರವಾದ ಸಂಬಂಧ ಏನೂ ಇಲ್ಲ. ಐಕಾನ್‌ಗಳನ್ನು ಕದಲಿಸುವುದು ಸ್ಲೀಪ್ ಅಲ್ಲ. ಆ ಹೊತ್ತಿನಲ್ಲಿ ಒಂದು ಮಾನಿಟರ್ ಕೆಲವು ಸೆಕೆಂಡುಗಳ ಕಾಲ ಕಂಪ್ಯೂಟರಿನ ಪಾಲಿಗೆ ಇಲ್ಲವಾಗುವುದೇ ನಿಜವಾದ ಕಾರಣ.

ಮಾನಿಟರ್ ತನ್ನ ಹೆಸರು, ತಾನು ತೋರಿಸಬಲ್ಲ ರೆಸಲ್ಯೂಷನ್ ಮುಂತಾದ ವಿವರಗಳನ್ನು ಇಡಿಐಡಿ ಎಂಬ ಚಿಕ್ಕ ದತ್ತಾಂಶದಲ್ಲಿ ಇಟ್ಟುಕೊಂಡಿದ್ದು, ಕೇಬಲ್ ಮೂಲಕ ಅದನ್ನು ಕಂಪ್ಯೂಟರಿಗೆ ಒಪ್ಪಿಸುತ್ತದೆ. ತಾನು ಸಂಪರ್ಕದಲ್ಲಿದ್ದೇನೆ ಎಂದು ತಿಳಿಸಲು ಕೇಬಲ್ಲಿನಲ್ಲಿ ಬೇರೆಯೇ ಒಂದು ಸಂಕೇತದ ತಂತಿಯೂ ಇರುತ್ತದೆ. ಡಿಸ್‌ಪ್ಲೇಪೋರ್ಟ್ ಬಳಸುವ ಅನೇಕ ಮಾನಿಟರ್‌ಗಳು ಆಳವಾದ ನಿದ್ರೆಗೆ ಜಾರಿದಾಗ ಅಥವಾ ಅವುಗಳ ಪವರ್ ಗುಂಡಿ ಒತ್ತಿದಾಗ ಈ ಸಂಕೇತವನ್ನೂ ನಿಲ್ಲಿಸಿಬಿಡುತ್ತವೆ. ಆಗ ವಿಂಡೋಸ್‌ಗೆ ಕಾಣುವುದು ಮಲಗಿರುವ ಮಾನಿಟರ್ ಅಲ್ಲ, ಕೇಬಲ್ ಕಿತ್ತ ಮಾನಿಟರ್. ಕಂಪ್ಯೂಟರ್ ಎದ್ದಾಗ ಲ್ಯಾಪ್‌ಟಾಪಿನ ಸ್ವಂತ ಪರದೆ ಒಡನೆಯೇ ಸಿದ್ಧವಾಗುತ್ತದೆ, ಹೊರಗಿನದು ಎರಡು ಮೂರು ಸೆಕೆಂಡು ತಡವಾಗಿ ಬರುತ್ತದೆ. ಆ ಅಂತರದಲ್ಲಿ ಇರುವುದೊಂದೇ ಪರದೆ ಎಂದು ಭಾವಿಸಿದ ವಿಂಡೋಸ್, ಎಲ್ಲ ಐಕಾನ್‌ಗಳನ್ನೂ ಅದರೊಳಗೇ ತುಂಬಿಸುತ್ತದೆ. ಹಳೆಯ ವಿಜಿಎ ಕೇಬಲ್ ಬಳಸುತ್ತಿದ್ದ ಕಾಲದಲ್ಲಿ ಈ ಕಾಟ ಇಷ್ಟಿರಲಿಲ್ಲ, ಏಕೆಂದರೆ ಆಗ ಮಾನಿಟರಿನ ಗುಂಡಿ ಒತ್ತಿ ಆರಿಸಿದರೂ ಕಂಪ್ಯೂಟರಿಗೆ ಸಾಮಾನ್ಯವಾಗಿ ಅದರ ಸುದ್ದಿಯೇ ಹೋಗುತ್ತಿರಲಿಲ್ಲ.

## ನಮ್ಮಲ್ಲಿ ನಡೆಯುತ್ತಿರುವುದೂ ಇದೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಐದು ನಿಮಿಷದ ಪರೀಕ್ಷೆಯೊಂದಿದೆ. ಲ್ಯಾಪ್‌ಟಾಪಿನ ಪರದೆಯಲ್ಲಿ Settings ತೆರೆದು System, ಅದರೊಳಗೆ Display ಪುಟಕ್ಕೆ ಹೋಗಿ. ಮೇಲ್ಭಾಗದಲ್ಲಿ 1 ಮತ್ತು 2 ಎಂದು ಬರೆದ ಎರಡು ಆಯತಗಳು ಕಾಣುತ್ತವೆ. ಅವುಗಳ ಮೇಲೆ ಕಣ್ಣಿಟ್ಟು, ಹೊರಗಿನ ಮಾನಿಟರನ್ನು ಅದರ ಗುಂಡಿಯಿಂದಲೇ ಆರಿಸಿ. ಎರಡೂ ಆಯತಗಳು ಹಾಗೆಯೇ ಉಳಿದರೆ, ಕನಿಷ್ಠ ಪಕ್ಷ ಗುಂಡಿ ಒತ್ತಿದಾಗ ನಿಮ್ಮ ಮಾನಿಟರ್ ಸಂಪರ್ಕವನ್ನು ಬಿಡುತ್ತಿಲ್ಲ ಎಂದರ್ಥ. ಒಂದು ಆಯತ ಮಾಯವಾಗಿ, ಅದೇ ಕ್ಷಣದಲ್ಲಿ ಐಕಾನ್‌ಗಳು ಲ್ಯಾಪ್‌ಟಾಪಿನ ಪರದೆಗೆ ನುಗ್ಗಿದರೆ ಅಪರಾಧಿ ಸಿಕ್ಕಂತೆಯೇ.

ಗುಂಡಿಯ ಪರೀಕ್ಷೆಯಲ್ಲಿ ಏನೂ ಆಗದಿದ್ದರೆ ಇನ್ನೊಂದು ಬಗೆಯಲ್ಲಿ ನೋಡಬೇಕು. ಕಂಪ್ಯೂಟರ್ ಮಲಗದೆ ಪರದೆ ಮಾತ್ರ ಒಂದು ನಿಮಿಷಕ್ಕೆ ಆರುವಂತೆ ಪವರ್ ಸೆಟ್ಟಿಂಗಿನಲ್ಲಿ ಹೊಂದಿಸಿ, ಸ್ವಲ್ಪ ಹೊತ್ತು ಕಾದು ಮೌಸ್ ಅಲುಗಿಸಿ. ಆಗಲೂ ಐಕಾನ್‌ಗಳು ಕದಲಿದ್ದರೆ ಮಾನಿಟರ್ ತಾನು ಮಲಗುವಾಗ ಸಂಪರ್ಕ ಬಿಡುತ್ತಿದೆ. ಪೂರ್ಣ ಸ್ಲೀಪ್ ನಂತರ ಮಾತ್ರ ಕದಲುವುದಾದರೆ, ಏಳುವ ಹೊತ್ತಿನಲ್ಲಿ ಎರಡು ಪರದೆಗಳ ನಡುವೆ ಆಗುವ ಹಿಂದುಮುಂದೇ ಕಾರಣ.

## ಮಾನಿಟರ್ ಮರಳಿ ಬಂದ ಮೇಲಾದರೂ ಐಕಾನ್‌ಗಳು ಹಳೆಯ ಜಾಗಕ್ಕೆ ಏಕೆ ಹೋಗುವುದಿಲ್ಲ?

ಇದನ್ನು ಒಂದು ಉದಾಹರಣೆಯಿಂದ ನೋಡುವುದು ಒಳ್ಳೆಯದು. 14 ಅಂಗುಲದ ಲ್ಯಾಪ್‌ಟಾಪ್ ಪರದೆ 1920×1080 ರೆಸಲ್ಯೂಷನ್ನಿನದಾಗಿದ್ದು 150% ಸ್ಕೇಲ್‌ನಲ್ಲಿದೆ ಎಂದಿಟ್ಟುಕೊಳ್ಳೋಣ. ಪಕ್ಕದಲ್ಲಿ 27 ಅಂಗುಲದ, 2560×1440ರ ಮಾನಿಟರ್ 100% ಸ್ಕೇಲ್‌ನಲ್ಲಿದೆ. ಅದೇ ಮುಖ್ಯ ಪರದೆ, ಐಕಾನ್‌ಗಳೆಲ್ಲ ಅದರ ಮೇಲಿವೆ. ಎಡಗಡೆ ಈ ತಿಂಗಳ ಕಡತಗಳು, ಬಲತುದಿಯಲ್ಲಿ ಮುಗಿದ ಕೆಲಸಗಳು, ಕೆಳಗಿನ ಮೂಲೆಯಲ್ಲಿ ಇನ್ನೂ ಸಹಿಯಾಗಬೇಕಾದ ಪತ್ರಗಳು ಎಂದು ಬಳಕೆದಾರರು ಅಚ್ಚುಕಟ್ಟಾಗಿ ಜೋಡಿಸಿಕೊಂಡಿದ್ದಾರೆ.

150% ಸ್ಕೇಲ್ ಎಂದರೆ ಪ್ರತಿಯೊಂದು ವಸ್ತುವೂ ಒಂದೂವರೆ ಪಟ್ಟು ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ಐಕಾನ್‌ಗಳ ದೃಷ್ಟಿಯಿಂದ ಲ್ಯಾಪ್‌ಟಾಪಿನ ಪರದೆ 1920×1080 ಅಲ್ಲ, ಒಂದೂವರೆಯಿಂದ ಭಾಗಿಸಿದ 1280×720. ಹೊರಗಿನ ಪರದೆಯ ಅಗಲ ಎತ್ತರಗಳೆರಡೂ ಇದರ ನಿಖರ ಇಮ್ಮಡಿ. ಅಂದರೆ ಅಲ್ಲಿರುವ ಜಾಗದ ಕಾಲುಭಾಗ ಮಾತ್ರ ಇಲ್ಲಿದೆ. ಅಲ್ಲಿ ಒಂದು ಕಂಬಸಾಲಿನಲ್ಲಿ ಮೇಲಿನಿಂದ ಕೆಳಕ್ಕೆ 13 ಐಕಾನ್ ಹಿಡಿಯುತ್ತಿದ್ದರೆ ಇಲ್ಲಿ 6 ಹಿಡಿದೀತು.

ಮಧ್ಯಾಹ್ನ ಊಟಕ್ಕೆ ಹೋಗಿ ಬಂದು ಕಂಪ್ಯೂಟರನ್ನು ಎಬ್ಬಿಸಿದಾಗ ಹೊರಗಿನ ಪರದೆ ಮೂರು ಸೆಕೆಂಡು ತಡವಾಗುತ್ತದೆ. ಆ ಮೂರು ಸೆಕೆಂಡಿನಲ್ಲಿ ಲ್ಯಾಪ್‌ಟಾಪಿನ ಪರದೆಯೇ ಮುಖ್ಯ ಪರದೆಯಾಗುತ್ತದೆ. ಏಳನೇ ಸಾಲಿನಿಂದ ಕೆಳಗಿದ್ದ ಐಕಾನ್‌ಗಳಿಗೂ ಬಲ ಅರ್ಧದಲ್ಲಿದ್ದವುಗಳಿಗೂ ಇಲ್ಲಿ ಜಾಗವೇ ಇಲ್ಲದ ಕಾರಣ, ಖಾಲಿ ಕಂಡ ಚೌಕಗಳಲ್ಲಿ ಅವುಗಳನ್ನು ಕೂರಿಸಲಾಗುತ್ತದೆ. ಮುಗಿದ ಕೆಲಸಗಳ ನಡುವೆ ಸಹಿಯಾಗದ ಪತ್ರಗಳು ಬಂದು ಕೂರುವುದು ಈ ಹಂತದಲ್ಲಿ. ದೊಡ್ಡ ಪರದೆ ಮರಳಿದ ಮೇಲೆ ಐಕಾನ್‌ಗಳು ಅದಕ್ಕೆ ಮರಳುವುದೇನೋ ನಿಜ. ಆದರೆ ಅವು ಹೊತ್ತು ತರುವುದು ಆಗಷ್ಟೇ ಪಡೆದ ಜಾಗಗಳನ್ನು. ಹಳೆಯ ಜೋಡಣೆಯನ್ನು ನೆನಪಿಟ್ಟು ಮತ್ತೆ ಹಾಕುವ ಪ್ರಯತ್ನವನ್ನು ವಿಂಡೋಸ್ ಮಾಡುತ್ತದಾದರೂ, ನಡುವೆ ಹೊಸ ಜೋಡಣೆ ಅದರ ಮೇಲೆಯೇ ಬರೆಯಲ್ಪಟ್ಟಿದ್ದರೆ ಮರಳಲು ಏನೂ ಉಳಿದಿರುವುದಿಲ್ಲ. ಒಮ್ಮೊಮ್ಮೆ ಸರಿಯಾಗಿ, ಒಮ್ಮೊಮ್ಮೆ ಕಲಸಿದಂತೆ ಕಾಣುವುದರ ಗುಟ್ಟು ಇದೇ.

ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿಟ್ಟು ಹೊರಗಿನ ಮಾನಿಟರ್ ಒಂದನ್ನೇ ಬಳಸುವವರ ಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ಆ ಮಾನಿಟರ್ ಕಣ್ಮರೆಯಾದರೆ ಪರದೆ ಎಂಬುದೇ ಇರುವುದಿಲ್ಲವಾದ್ದರಿಂದ, ವಿಂಡೋಸ್ 1024×768ರಂತಹ ಸಣ್ಣ ರೆಸಲ್ಯೂಷನ್ನಿನ ಕಾಲ್ಪನಿಕ ಪರದೆಯೊಂದನ್ನು ಸೃಷ್ಟಿಸಿಕೊಂಡು ಎಲ್ಲವನ್ನೂ ಅದರೊಳಗೆ ಒತ್ತರಿಸಬಹುದು. ಐಕಾನ್‌ಗಳ ಜೊತೆಗೆ ತೆರೆದಿಟ್ಟ ಕಿಟಕಿಗಳೂ ಕುಗ್ಗಿ ಎಡ ಮೇಲ್ಮೂಲೆಯಲ್ಲಿ ಸೇರಿದ್ದರೆ ಇದನ್ನೇ ಸಂಶಯಿಸಿ.

## ಜಾಗದ ಜೊತೆಗೆ ಐಕಾನ್‌ಗಳ ಗಾತ್ರವೂ ಬದಲಾಗುವುದೇಕೆ?

ಎರಡು ಬೇರೆ ಬೇರೆ ಕಾರಣಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ.

ಮೊದಲನೆಯದು ಸ್ಕೇಲ್. Medium icons ಎಂಬ ಆಯ್ಕೆಯಲ್ಲಿ ಐಕಾನಿನ ಗಾತ್ರ 48 ಪಿಕ್ಸೆಲ್. 150% ಸ್ಕೇಲ್‌ನಲ್ಲಿ ಅದನ್ನೇ 72 ಪಿಕ್ಸೆಲ್ಲಾಗಿ ಬಿಡಿಸಲಾಗುತ್ತದೆ. ಮೇಲಿನ ಉದಾಹರಣೆಯ ಲ್ಯಾಪ್‌ಟಾಪಿನಲ್ಲಿ ಪಿಕ್ಸೆಲ್‌ಗಳು ಒತ್ತಾಗಿರುವುದರಿಂದ 72 ಪಿಕ್ಸೆಲ್‌ನ ಐಕಾನ್ ಅಳತೆಪಟ್ಟಿಯಲ್ಲಿ ಸುಮಾರು 1.2 ಸೆಂಟಿಮೀಟರ್ ಬರುತ್ತದೆ, ದೊಡ್ಡ ಮಾನಿಟರಿನಲ್ಲಿ 48 ಪಿಕ್ಸೆಲ್‌ನದು ಸುಮಾರು 1.1 ಸೆಂಟಿಮೀಟರ್. ಎಲ್ಲವೂ ಸರಿಯಾಗಿದ್ದಾಗ ಕಣ್ಣಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ತೊಂದರೆ ಬರುವುದು ಲ್ಯಾಪ್‌ಟಾಪಿನ ಸ್ಕೇಲ್ ದೊಡ್ಡ ಪರದೆಯ ಮೇಲೂ ಉಳಿದುಬಿಟ್ಟಾಗ. ಡೆಸ್ಕ್‌ಟಾಪ್ ಎಂಬುದು ಎರಡೂ ಪರದೆಗಳ ಮೇಲೆ ಹಾಸಿದ ಒಂದೇ ಜಮಖಾನೆಯಂತಿದ್ದು, ಅದರ ಐಕಾನ್‌ಗಳು ಮುಖ್ಯ ಪರದೆಯ ಸ್ಕೇಲನ್ನು ಅನುಸರಿಸುತ್ತವೆ. ಏಳುವ ಗಡಿಬಿಡಿಯಲ್ಲಿ 150% ಹಾಗೆಯೇ ನಿಂತರೆ ದೊಡ್ಡ ಮಾನಿಟರಿನಲ್ಲಿ ಐಕಾನ್ ಸುಮಾರು 1.7 ಸೆಂಟಿಮೀಟರ್ ಆಗುತ್ತದೆ. ಎದ್ದು ಕಾಣುವಷ್ಟು ದೊಡ್ಡದು. ಇಂತಹ ಸಂದರ್ಭದಲ್ಲಿ ಐಕಾನ್ ಗಾತ್ರವನ್ನು ಕೈಯಿಂದ ತಿದ್ದಬೇಡಿ, ತಿದ್ದಿದರೆ ಮುಂದಿನ ಬಾರಿ ಸ್ಕೇಲ್ ಸರಿಯಾದಾಗ ಅವು ವಿಪರೀತ ಚಿಕ್ಕದಾಗಿ ಕಾಣುತ್ತವೆ. Display ಪುಟದಲ್ಲಿ ಆ ಪರದೆಯ Scale ಎಷ್ಟಿದೆ ಎಂದು ನೋಡಿ. ಅಂಕಿ ಸರಿಯಾಗಿದ್ದೂ ಚಿತ್ರ ತಪ್ಪಾಗಿದ್ದರೆ ಸೈನ್ ಔಟ್ ಆಗಿ ಮತ್ತೆ ಒಳಬನ್ನಿ.

ಎರಡನೆಯ ಕಾರಣ ತೀರಾ ಸರಳ. ಡೆಸ್ಕ್‌ಟಾಪಿನ ಖಾಲಿ ಜಾಗದ ಮೇಲೆ Ctrl ಕೀಲಿಯನ್ನು ಒತ್ತಿ ಹಿಡಿದು ಮೌಸಿನ ಚಕ್ರ ತಿರುಗಿಸಿದರೆ ಐಕಾನ್‌ಗಳು ಹಿಗ್ಗುತ್ತವೆ, ಕುಗ್ಗುತ್ತವೆ. ಎಷ್ಟೋ ಬಾರಿ ಇದು ಅರಿವಿಲ್ಲದೆ ನಡೆದು ಅಪವಾದ ಮಾನಿಟರಿನ ಮೇಲೆ ಬರುತ್ತದೆ. ಬಲಗುಂಡಿ ಒತ್ತಿ View ಪಟ್ಟಿಯಲ್ಲಿ Medium icons ಆರಿಸಿದರೆ ಸರಿಹೋಗುತ್ತದೆ. ಹಾಗೆ ಸರಿಹೋದರೆ ಕಾರಣ ಚಕ್ರ, ಸರಿಹೋಗದಿದ್ದರೆ ಸ್ಕೇಲ್.

## Auto arrange icons ಹಾಕಿಬಿಟ್ಟರೆ ಸಮಸ್ಯೆ ತೀರುವುದಿಲ್ಲವೇ?

ಒಂದು ಅರ್ಥದಲ್ಲಿ ತೀರುತ್ತದೆ, ಏಕೆಂದರೆ ಆಮೇಲೆ ಕೆಡಲು ನಿಮ್ಮದೇ ಎಂಬ ಜೋಡಣೆ ಇರುವುದಿಲ್ಲ. ಈ ಆಯ್ಕೆ ಎಲ್ಲ ಐಕಾನ್‌ಗಳನ್ನೂ ಎಡ ಮೇಲ್ಮೂಲೆಯಿಂದ ಸಾಲಾಗಿ ಇಡುತ್ತದೆ. ಹೆಸರಿನ ಕ್ರಮದಲ್ಲಿ ಹುಡುಕುವ ಅಭ್ಯಾಸದವರಿಗೆ ಇದು ಸಾಕು. ಆದರೆ ಕನ್ನಡದಲ್ಲಿ ಹೆಸರಿಟ್ಟ ಕಡತಗಳು ಹೆಸರಿನ ಕ್ರಮದಲ್ಲಿ ಇಂಗ್ಲಿಷ್ ಹೆಸರಿನವುಗಳ ನಂತರವೇ ಬರುತ್ತವೆ ಎಂಬುದನ್ನು ನೆನಪಿಡಬೇಕು. ‘ಅರ್ಜಿ’ ಎಂಬ ಕಡತವನ್ನು ಮೊದಲ ಸಾಲಿನಲ್ಲಿ ಹುಡುಕಿ ಪ್ರಯೋಜನವಿಲ್ಲ.

ಅದರ ಪಕ್ಕದ Align icons to grid ಎಂಬುದು ಬೇರೆ. ಅದು ಐಕಾನ್‌ಗಳನ್ನು ಹತ್ತಿರದ ಚೌಕಕ್ಕೆ ಕೂರಿಸುತ್ತದೆಯೇ ಹೊರತು ಕ್ರಮವನ್ನು ಬದಲಿಸುವುದಿಲ್ಲ. ಅದನ್ನು ಹಾಕಿಟ್ಟಿರುವುದೇ ಲೇಸು.

## ಹಾಗಾದರೆ ಐಕಾನ್‌ಗಳು ಕದಲದಂತೆ ಮಾಡಲು ಮೊದಲು ಮಾಡಬೇಕಾದದ್ದೇನು?

ಎಂದೂ ಮಾಯವಾಗದ ಪರದೆಯನ್ನು ಮುಖ್ಯ ಪರದೆಯಾಗಿ ಮಾಡಿ, ಐಕಾನ್‌ಗಳನ್ನು ಅದರ ಮೇಲೆ ಮಾತ್ರ ಇಡಿ. ಮುಚ್ಚಳ ತೆರೆದೇ ಕೆಲಸ ಮಾಡುವ ಲ್ಯಾಪ್‌ಟಾಪಿನಲ್ಲಿ ಅಂತಹ ಪರದೆ ಅದರ ಸ್ವಂತದ್ದೇ. Display ಪುಟದಲ್ಲಿ ಆ ಆಯತವನ್ನು ಆರಿಸಿ, Multiple displays ಭಾಗದಲ್ಲಿ Make this my main display ಎಂಬುದಕ್ಕೆ ಗುರುತು ಹಾಕಿದರಾಯಿತು. ಚಿಕ್ಕ ಪರದೆಯಲ್ಲಿ ಹಿಡಿಯುವಷ್ಟೇ ಐಕಾನ್‌ಗಳನ್ನು ಇಟ್ಟುಕೊಳ್ಳಬೇಕಾಗುತ್ತದೆ ಎಂಬುದು ಇದರ ಬೆಲೆ. ಉಳಿದವನ್ನು ಒಂದೆರಡು ಫೋಲ್ಡರ್‌ಗಳಿಗೆ ಸೇರಿಸಿ.

ಆಯತಗಳನ್ನು ಎಳೆದು ಹೊಂದಿಸುವಾಗ ಮೇಜಿನ ಮೇಲಿನ ವ್ಯವಸ್ಥೆ ಅನುಮತಿಸಿದರೆ ಮುಖ್ಯ ಪರದೆಯನ್ನು ಎಡಕ್ಕೆ ಇಟ್ಟು, ಎರಡರ ಮೇಲಂಚುಗಳನ್ನೂ ಒಂದೇ ಮಟ್ಟಕ್ಕೆ ತನ್ನಿ. ಐಕಾನ್‌ಗಳ ಜಾಗವನ್ನು ಇಡೀ ಡೆಸ್ಕ್‌ಟಾಪಿನ ಎಡ ಮೇಲ್ಮೂಲೆಯಿಂದ ಎಣಿಸಲಾಗುತ್ತದೆ. ಎಡಗಡೆಯಿದ್ದ ಪರದೆ ಇಲ್ಲವಾದರೆ ಎಣಿಕೆಯ ಮೂಲೆಯೇ ಸರಿಯುವುದರಿಂದ, ಉಳಿದ ಪರದೆಯ ಮೇಲೆ ತಮ್ಮ ಪಾಡಿಗಿದ್ದ ಐಕಾನ್‌ಗಳಿಗೂ ಪೆಟ್ಟು ಬೀಳಬಹುದು.

ವಿಂಡೋಸ್ 11ರ ಅದೇ ಭಾಗದಲ್ಲಿ Remember window locations based on monitor connection ಎಂಬ ಆಯ್ಕೆಯಿದೆ. ಅದನ್ನು ಹಾಕಿಡಿ, ಆದರೆ ಅದು ಕಾಪಾಡುವುದು ತೆರೆದ ಕಿಟಕಿಗಳ ಜಾಗವನ್ನು, ಐಕಾನ್‌ಗಳ ಜಾಗವನ್ನಲ್ಲ.

## ಮಾನಿಟರ್ ಮಾಯವಾಗುವುದನ್ನೇ ತಡೆಯಲು ಸಾಧ್ಯವೇ?

ಹಲವು ಮಾನಿಟರ್‌ಗಳಲ್ಲಿ ಸಾಧ್ಯ. ಮಾನಿಟರಿನ ಗುಂಡಿಗಳಿಂದ ತೆರೆಯುವ ಸ್ವಂತ ಮೆನುವಿನಲ್ಲಿ ಡೀಪ್ ಸ್ಲೀಪ್ ಅಥವಾ ಅಂತಹ ಅರ್ಥದ ಹೆಸರಿನ ಆಯ್ಕೆ ಇದ್ದರೆ ಅದನ್ನು ನಿಲ್ಲಿಸಿ. ಇನ್‌ಪುಟ್ ಅನ್ನು ತಾನೇ ಹುಡುಕುವ ಆಯ್ಕೆಯಿದ್ದರೆ ಅದನ್ನೂ ನಿಲ್ಲಿಸಿ, ನೀವು ಬಳಸುವ ಪೋರ್ಟನ್ನು ಖಾಯಂ ಮಾಡಿ. ಎಲ್ಲ ಪೋರ್ಟ್‌ಗಳನ್ನೂ ಸುತ್ತಿ ಬರುವ ಸಮಯ ಇದರಿಂದ ಉಳಿಯುತ್ತದೆ. ಮಾನಿಟರ್ ನಿದ್ರೆಯಲ್ಲಿ ಸ್ವಲ್ಪ ಹೆಚ್ಚು ವಿದ್ಯುತ್ ಬಳಸೀತು.

ಎಚ್‌ಡಿಎಂಐ ಕೇಬಲ್‌ಗೆ ಬದಲಾಯಿಸಿದಾಗ ಕೆಲವರಿಗೆ ತೊಂದರೆ ನಿಂತಿದೆ, ಕೆಲವರಿಗೆ ನಿಂತಿಲ್ಲ. ಅದು ಮಾನಿಟರನ್ನು ಅವಲಂಬಿಸಿದ್ದು, ಮನೆಯಲ್ಲೇ ಕೇಬಲ್ ಇದ್ದರೆ ಪ್ರಯತ್ನಿಸಿ, ಇದಕ್ಕಾಗಿಯೇ ಖರೀದಿಸಬೇಡಿ. ಒಂದೇ ಮಾನಿಟರನ್ನು ಎರಡು ಕಂಪ್ಯೂಟರ್‌ಗಳಿಗೆ ಹಂಚುವ ಕೆವಿಎಂ ಸ್ವಿಚ್ ನಡುವೆ ಇದ್ದರೆ ಮೊದಲು ಅದನ್ನು ತೆಗೆದು ನೇರವಾಗಿ ಜೋಡಿಸಿ ನೋಡಿ. ಅಗ್ಗದ ಸ್ವಿಚ್‌ಗಳು ಅತ್ತ ತಿರುಗಿದೊಡನೆ ಇತ್ತಲಿನ ಕಂಪ್ಯೂಟರಿಗೆ ಮಾನಿಟರ್ ಇಲ್ಲವೆಂದೇ ತೋರಿಸುತ್ತವೆ. ಇಡಿಐಡಿಯನ್ನು ತಾವೇ ಹಿಡಿದಿಟ್ಟು ಒದಗಿಸುವ ಸ್ವಿಚ್‌ಗಳು ಮತ್ತು ಕೇಬಲ್ ತುದಿಗೆ ಸಿಕ್ಕಿಸುವ ಚಿಕ್ಕ ಸಾಧನಗಳು ದೊರೆಯುತ್ತವೆ.

ಏನೂ ಖರ್ಚಿಲ್ಲದ ಅಭ್ಯಾಸವೊಂದಿದೆ: ಮಾನಿಟರನ್ನು ಅದರ ಗುಂಡಿಯಿಂದ ಆರಿಸುವ ರೂಢಿಯಿದ್ದರೆ, ಮೊದಲು ಮಾನಿಟರ್ ಹಚ್ಚಿ, ಅದರ ದೀಪ ಬಂದ ಮೇಲೆ ಕಂಪ್ಯೂಟರನ್ನು ಎಬ್ಬಿಸಿ.

## ಜೋಡಣೆಯನ್ನು ಉಳಿಸಿಟ್ಟು, ಕೆಟ್ಟಾಗ ಮರಳಿ ಹಾಕುವುದು ಹೇಗೆ?

ಐಕಾನ್‌ಗಳ ಜಾಗ ಮತ್ತು ಗಾತ್ರವನ್ನು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿ ಎಂಬ ದತ್ತಾಂಶದ ಕಣಜದಲ್ಲಿ ಒಂದೇ ಕಡೆ ಬರೆದಿಡುತ್ತದೆ. IconLayouts ಎಂಬ ಮೌಲ್ಯದಲ್ಲಿ ಜಾಗಗಳೂ IconSize ಎಂಬುದರಲ್ಲಿ ಗಾತ್ರವೂ ಇರುತ್ತವೆ. ಆ ಭಾಗದ ಒಂದು ಪ್ರತಿಯನ್ನು ಕಡತವಾಗಿ ತೆಗೆದಿಟ್ಟುಕೊಂಡರೆ ಸಾಕು.

ಮೊದಲು ಎರಡೂ ಪರದೆಗಳು ಸರಿಯಾಗಿರುವಾಗ ಐಕಾನ್‌ಗಳನ್ನು ನಿಮಗೆ ಬೇಕಾದಂತೆ ಜೋಡಿಸಿ, ಸೈನ್ ಔಟ್ ಆಗಿ ಮತ್ತೆ ಒಳಬನ್ನಿ. ಈ ಹೆಜ್ಜೆಯನ್ನು ಬಿಡಬೇಡಿ. ನೀವು ಐಕಾನ್ ಎಳೆದ ಕ್ಷಣವೇ ಅದು ರಿಜಿಸ್ಟ್ರಿಗೆ ಹೋಗುತ್ತದೆಂಬ ಖಾತರಿಯಿಲ್ಲ. ಸೈನ್ ಔಟ್ ಆಗುವಾಗ, ಡೆಸ್ಕ್‌ಟಾಪನ್ನೂ ಟಾಸ್ಕ್‌ಬಾರನ್ನೂ ತೋರಿಸುವ ಎಕ್ಸ್‌ಪ್ಲೋರರ್ ಎಂಬ ತಂತ್ರಾಂಶ ಅದನ್ನು ಬರೆದೇ ಮುಚ್ಚಿಕೊಳ್ಳುತ್ತದೆ. ಆಮೇಲೆ Command Prompt ತೆರೆದು ಹೀಗೆ ಬರೆಯಿರಿ:

```
reg export "HKCU\Software\Microsoft\Windows\Shell\Bags\1\Desktop" "%USERPROFILE%\icons.reg" /y
```

ಮುಂದೆ ಜೋಡಣೆ ಕೆಟ್ಟಾಗ, ಎರಡೂ ಪರದೆಗಳು ಮರಳಿ ಬಂದಿವೆ ಎಂದು ಖಚಿತಪಡಿಸಿಕೊಂಡ ನಂತರ ಈ ಮೂರು ಸಾಲುಗಳನ್ನು ಕ್ರಮವಾಗಿ ನಡೆಸಿ:

```
taskkill /f /im explorer.exe
reg import "%USERPROFILE%\icons.reg"
start explorer.exe
```

ಮೊದಲ ಸಾಲಿನಲ್ಲಿ ಎಕ್ಸ್‌ಪ್ಲೋರರನ್ನು ಬಲವಂತವಾಗಿ ನಿಲ್ಲಿಸುವುದಕ್ಕೆ ಕಾರಣವಿದೆ. ಅದು ಸಾವಧಾನವಾಗಿ ಮುಚ್ಚಿಕೊಂಡರೆ ತನ್ನ ನೆನಪಿನಲ್ಲಿರುವ ಕೆಟ್ಟ ಜೋಡಣೆಯನ್ನು ರಿಜಿಸ್ಟ್ರಿಗೆ ಬರೆದು ನಿಮ್ಮ ಪ್ರತಿಯನ್ನು ವ್ಯರ್ಥ ಮಾಡುತ್ತದೆ. ಕಡತವನ್ನು ಬರಿದೇ ಎರಡು ಬಾರಿ ಕ್ಲಿಕ್ ಮಾಡಿ ‘ಏನೂ ಆಗಲಿಲ್ಲ’ ಎನ್ನುವವರು ಎಡವುವುದು ಇಲ್ಲಿಯೇ. ಟಾಸ್ಕ್‌ಬಾರ್ ಕ್ಷಣಕಾಲ ಮಾಯವಾಗುವುದು ಸಹಜ. ತೆರೆದಿದ್ದ ಫೋಲ್ಡರ್ ಕಿಟಕಿಗಳು ಮುಚ್ಚಿಹೋಗುತ್ತವೆ ಮತ್ತು ನಡೆಯುತ್ತಿರುವ ಕಡತದ ನಕಲು ನಿಂತುಹೋಗುತ್ತದೆ, ಆದ್ದರಿಂದ ಪೆನ್‌ಡ್ರೈವ್‌ಗೆ ಏನನ್ನಾದರೂ ನಕಲು ಮಾಡುತ್ತಿರುವಾಗ ಇದನ್ನು ಮಾಡಬೇಡಿ.

ಪ್ರತಿ ತೆಗೆದ ನಂತರ ಡೆಸ್ಕ್‌ಟಾಪಿಗೆ ಸೇರಿದ ಹೊಸ ಕಡತಗಳ ಜಾಗ ಆ ಪ್ರತಿಯಲ್ಲಿ ಇರುವುದಿಲ್ಲ. ಅವು ಖಾಲಿ ಜಾಗಕ್ಕೆ ಹೋಗುತ್ತವೆ. ಬೇರೆ ರೆಸಲ್ಯೂಷನ್ನಿನ ಪರದೆಯಲ್ಲಿ ಈ ಪ್ರತಿ ಸರಿಯಾಗಿ ಕೂರುತ್ತದೆಂದು ನಂಬಬೇಡಿ. ಕಚೇರಿಯಲ್ಲೊಂದು, ಮನೆಯಲ್ಲೊಂದು ಮಾನಿಟರ್ ಇದ್ದರೆ ಎರಡು ಹೆಸರಿನ ಎರಡು ಪ್ರತಿಗಳನ್ನು ಇಟ್ಟುಕೊಳ್ಳಿ.

ಆಜ್ಞೆಗಳನ್ನು ಬರೆಯಲು ಇಷ್ಟವಿಲ್ಲದವರಿಗೆ DesktopOK ಎಂಬ ಉಚಿತ ಪುಟ್ಟ ತಂತ್ರಾಂಶವಿದೆ. ಅದು ಜೋಡಣೆಗಳನ್ನು ಹೆಸರಿಟ್ಟು ಉಳಿಸಿ, ಬೇಕೆಂದಾಗ ಮರಳಿ ಹಾಕುತ್ತದೆ. ಎರಡು ಮೂರು ಜಾಗಗಳಲ್ಲಿ ಕೆಲಸ ಮಾಡುವವರಿಗೆ ಅದೇ ಹೆಚ್ಚು ಅನುಕೂಲ.

## ಪ್ರೊಜೆಕ್ಟರ್ ಜೋಡಿಸಿದಾಗಲೂ ಹೀಗೇ ಆಗುತ್ತದೆ. ಅದೂ ಇದೇ ಕಾರಣಕ್ಕೆ?

ಇಲ್ಲಿ ಪರದೆ ಮಾಯವಾಗುವುದಿಲ್ಲ, ರೆಸಲ್ಯೂಷನ್ ಇಳಿಯುತ್ತದೆ. Windows ಕೀಲಿ ಮತ್ತು P ಒತ್ತಿ Duplicate ಆರಿಸಿದಾಗ ಎರಡೂ ಪರದೆಗಳು ಒಂದೇ ಚಿತ್ರವನ್ನು ತೋರಿಸಬೇಕಾಗುವುದರಿಂದ, ತರಗತಿಯ ಹಳೆಯ 1024×768 ಪ್ರೊಜೆಕ್ಟರ್‌ಗೆ ಒಗ್ಗುವಂತೆ ಲ್ಯಾಪ್‌ಟಾಪ್ ತನ್ನನ್ನು ಕುಗ್ಗಿಸಿಕೊಳ್ಳಬಹುದು. ಅದರ ಬದಲು Extend ಆರಿಸಿ, ತೋರಿಸಬೇಕಾದ ಕಿಟಕಿಯನ್ನು ಮಾತ್ರ ಪ್ರೊಜೆಕ್ಟರಿನತ್ತ ಎಳೆದರೆ ಲ್ಯಾಪ್‌ಟಾಪಿನ ರೆಸಲ್ಯೂಷನ್ ಇದ್ದಂತೆಯೇ ಇರುತ್ತದೆ. ಕಡಿಮೆ ರೆಸಲ್ಯೂಷನ್ನಿನಲ್ಲಿ ಪೂರ್ಣ ಪರದೆ ತೆರೆಯುವ ಹಳೆಯ ಆಟಗಳೂ ಇದೇ ಬಗೆಯ ಹಾನಿ ಮಾಡುತ್ತವೆ.

## ಐಕಾನ್‌ಗಳು ಚದುರಿದಾಗ Ctrl+Z ಒತ್ತಿದರೆ ಹಿಂದಿನಂತಾಗುತ್ತವೆಯೇ?

ಇಲ್ಲ, ಮತ್ತು ದಯವಿಟ್ಟು ಒತ್ತಬೇಡಿ. ಡೆಸ್ಕ್‌ಟಾಪಿನಲ್ಲಿ Ctrl+Z ಹಿಂದೆಗೆಯುವುದು ಕಡತಗಳ ಮೇಲೆ ನೀವು ಕೊನೆಯದಾಗಿ ಮಾಡಿದ ಕೆಲಸವನ್ನು. ಬೆಳಿಗ್ಗೆ ಒಂದು ಕಡತವನ್ನು ಬೇರೆ ಫೋಲ್ಡರಿಗೆ ಸಾಗಿಸಿದ್ದರೆ ಅದು ಸದ್ದಿಲ್ಲದೆ ವಾಪಸು ಬರುತ್ತದೆ. ಐಕಾನ್‌ಗಳು ಹಾಗೆಯೇ ಚದುರಿರುತ್ತವೆ, ಜೊತೆಗೆ ಇನ್ನೊಂದು ಗೊಂದಲ ಸೇರಿಕೊಳ್ಳುತ್ತದೆ.

## ಕೆಲವು ಐಕಾನ್‌ಗಳು ಎಲ್ಲೂ ಕಾಣುತ್ತಿಲ್ಲ. ಕಡತಗಳು ಅಳಿಸಿಹೋದವೇ?

ಬಹುಮಟ್ಟಿಗೆ ಇಲ್ಲ. File Explorer ತೆರೆದು ಎಡಗಡೆಯ Desktop ಆರಿಸಿ ನೋಡಿ. ಅಲ್ಲಿ ಕಡತವಿದ್ದರೆ ಐಕಾನ್ ಮಾತ್ರ ಕಾಣುವ ಭಾಗದ ಆಚೆ ಉಳಿದಿದೆ ಎಂದರ್ಥ. Auto arrange icons ಅನ್ನು ಒಮ್ಮೆ ಹಾಕಿ ತೆಗೆದರೆ ಅದು ಒಳಗೆ ಬರುತ್ತದೆ, ಆದರೆ ಉಳಿದ ಜೋಡಣೆಯೂ ಆ ಹೊಡೆತಕ್ಕೆ ಹೋಗುತ್ತದೆ. ಹಾಗಾಗಿ ಮೊದಲು Windows ಕೀಲಿ ಮತ್ತು P ಒತ್ತಿ, ಈಗಿಲ್ಲದ ಪರದೆಯ ಕಡೆಗೆ Extend ಆಗಿ ಉಳಿದಿದೆಯೇ ಎಂದು ನೋಡಿ. ಎಷ್ಟೋ ಬಾರಿ ಐಕಾನ್ ಆರಿದ ಮಾನಿಟರಿನ ಮೇಲೆಯೇ ಇರುತ್ತದೆ.

## ಐಕಾನ್ ಕ್ಯಾಷ್ ಅಳಿಸಿ, ಗ್ರಾಫಿಕ್ಸ್ ಡ್ರೈವರ್ ಮತ್ತೆ ಹಾಕಿ ಎಂದು ಹಲವರು ಹೇಳುತ್ತಾರೆ. ಮಾಡಬೇಕೇ?

ಐಕಾನ್ ಕ್ಯಾಷ್‌ನಲ್ಲಿ ಇರುವುದು ಐಕಾನ್‌ಗಳ ಚಿತ್ರಗಳು, ಅವುಗಳ ಜಾಗವಲ್ಲ. ಚಿತ್ರ ಬಿಳಿಯಾಗಿ ಅಥವಾ ತಪ್ಪಾಗಿ ಕಂಡರೆ ಅದನ್ನು ಅಳಿಸುವುದಕ್ಕೆ ಅರ್ಥವಿದೆ. ಚದುರಿದ ಐಕಾನ್‌ಗಳಿಗೆ ಅದು ಹೊಟ್ಟೆನೋವಿಗೆ ಕಾಲಿಗೆ ಪಟ್ಟಿ ಕಟ್ಟಿದಂತೆ. Allow themes to change desktop icons ಎಂಬ ಗುರುತನ್ನು ತೆಗೆಯಿರಿ ಎಂಬ ಸಲಹೆಯೂ ಚಿತ್ರಗಳಿಗೇ ಸಂಬಂಧಿಸಿದ್ದು.

ಡ್ರೈವರ್ ವಿಷಯ ಸ್ವಲ್ಪ ಬೇರೆ. ಎದ್ದ ಮೇಲೆ ರೆಸಲ್ಯೂಷನ್ ತಪ್ಪಾಗಿಯೇ ನಿಂತಿದ್ದರೆ, Display ಪುಟದಲ್ಲಿ ಸರಿಯಾದ ಅಂಕಿ ಪಟ್ಟಿಯಲ್ಲೇ ಸಿಗದಿದ್ದರೆ, ಮೊದಲು Windows, Ctrl, Shift ಮತ್ತು B ಕೀಲಿಗಳನ್ನು ಒಟ್ಟಿಗೆ ಒತ್ತಿ. ಪರದೆ ಒಮ್ಮೆ ಕಪ್ಪಾಗಿ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ಪ್ರತಿದಿನವೂ ಇದನ್ನೇ ಮಾಡಬೇಕಾಗಿ ಬಂದರೆ ಲ್ಯಾಪ್‌ಟಾಪ್ ತಯಾರಕರ ಪುಟದಿಂದ ಹೊಸ ಡ್ರೈವರ್ ಹಾಕಿ ನೋಡಬಹುದು. ರೆಸಲ್ಯೂಷನ್ ಸರಿಯಾಗಿ ಮರಳುತ್ತಿದ್ದು ಐಕಾನ್‌ಗಳು ಮಾತ್ರ ಕದಲುತ್ತಿದ್ದರೆ ಡ್ರೈವರಿನ ಗೊಡವೆಗೆ ಹೋಗುವ ಮುನ್ನ ಮಾನಿಟರಿನ ಮೆನುವನ್ನೇ ಇನ್ನೊಮ್ಮೆ ತೆರೆಯಿರಿ.